138 ಅಂಕಕ್ಕಿಂತ 126 ಅಂಕ ಮೇಲೆ ಹೋಗುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಮಂಡ್ಯ. ಮಗ ಜನವರಿಯ ಜೆಇಇ ಮೇನ್ ಬರೆದಿದ್ದ. ಕೀ ಆನ್ಸರ್ ಇಟ್ಟುಕೊಂಡು ಎಣಿಸಿದರೆ 138 ಅಂಕ, ಬಂದ ಪರ್ಸೆಂಟೈಲ್ 96.84. ಪಕ್ಕದ ಬೀದಿಯ ಅವನ ಗೆಳೆಯ ಬೇರೆ ದಿನ ಬರೆದ. ಅವನಿಗೆ 126 ಅಂಕ, ಪರ್ಸೆಂಟೈಲ್ ಮಾತ್ರ 97.26! 12 ಅಂಕ ಜಾಸ್ತಿ ತೆಗೆದವನು ಹಿಂದೆ ಬೀಳುವುದು ಯಾವ ನ್ಯಾಯ? ಇನ್ನೊಂದು, ಮಗನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಪರ್ಸೆಂಟೈಲ್ 98.12, 91.35, 95.60. ಸರಾಸರಿ ಹಾಕಿದರೆ 95.02 ಬರುತ್ತದೆ, ಆದರೆ ಒಟ್ಟು 96.84 ಅಂತಿದೆ. ಲೆಕ್ಕದಲ್ಲೇ ಎಡವಟ್ಟಾಗಿದೆಯಾ? ಏಪ್ರಿಲ್‌ನಲ್ಲಿ ಇನ್ನೊಂದು ಸಲ ಬರೆಸಬೇಕಾ, ಸಿಇಟಿಗೆ ಓದಲಿ ಅಂತ ಬಿಡಬೇಕಾ?

ಉತ್ತರ: ಮೊದಲು ಆ 138 ಅನ್ನು ಯಾವ ಕೀ ಆನ್ಸರ್ ಇಟ್ಟುಕೊಂಡು ಎಣಿಸಿದಿರಿ ಎಂದು ಒಮ್ಮೆ ನೋಡಿಕೊಳ್ಳಿ. ಪರೀಕ್ಷೆ ನಡೆಸುವ ಎನ್‌ಟಿಎ ಮೊದಲಿಗೆ ತಾತ್ಕಾಲಿಕ ಕೀ ಪ್ರಕಟಿಸುತ್ತದೆ. ಅದರ ಮೇಲೆ ಶುಲ್ಕ ಕಟ್ಟಿ ಆಕ್ಷೇಪಣೆ ಸಲ್ಲಿಸಬಹುದು, ಪ್ರಶ್ನೆಯೊಂದಕ್ಕೆ 200 ರೂಪಾಯಿ. ಅವನ್ನೆಲ್ಲ ಪರಿಶೀಲಿಸಿದ ಮೇಲೆ ಅಂತಿಮ ಕೀ ಬರುತ್ತದೆ. ಫಲಿತಾಂಶ ತಯಾರಾಗುವುದು ಅಂತಿಮ ಕೀ ಮೇಲೆ. ಆದರೆ ಮನೆಗಳಲ್ಲಿ ಎಣಿಕೆ ನಡೆಯುವುದು ತಾತ್ಕಾಲಿಕ ಕೀ ಬಂದ ರಾತ್ರಿಯೇ, ಆಮೇಲೆ ಅದನ್ನು ತಿದ್ದುವವರು ಕಡಿಮೆ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ ಇರುವುದರಿಂದ ಒಂದೇ ಒಂದು ಉತ್ತರ ಬದಲಾದರೂ 5 ಅಂಕ ಆಚೀಚೆಯಾಗುತ್ತದೆ. ಎನ್‌ಟಿಎ ಸ್ಕೋರ್‌ಕಾರ್ಡಿನಲ್ಲಿ ಅಂಕವನ್ನು ಕೊಡುವುದೇ ಇಲ್ಲ, ಪರ್ಸೆಂಟೈಲ್ ಮಾತ್ರ ಕೊಡುತ್ತದೆ. ಹಾಗಾಗಿ ನೀವು ಹೋಲಿಸುತ್ತಿರುವ 138 ಮತ್ತು 126 ಎರಡೂ ಮನೆಯಲ್ಲಿ ಎಣಿಸಿದ ಅಂಕಗಳು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನನ್ನ ಬಳಿಗೆ ಫಲಿತಾಂಶದ ವಾರ ಬರುವ ದೂರುಗಳಲ್ಲಿ ಒಂದಷ್ಟು ಅಂತಿಮ ಕೀ ಹಿಡಿದು ಮತ್ತೆ ಎಣಿಸಿದೊಡನೆ ಮುಗಿದುಹೋಗುತ್ತವೆ.

ನಿಮ್ಮ ಎರಡೂ ಅಂಕಗಳು ಸರಿಯಾಗಿಯೇ ಇವೆ ಎಂದಿಟ್ಟುಕೊಂಡು ಮುಂದೆ ಹೋಗೋಣ. ಅವು ಸರಿಯಿದ್ದರೂ ಈ ಫಲಿತಾಂಶ ಬರಬಹುದು, ಅದರಲ್ಲಿ ಎಡವಟ್ಟೇನೂ ಇಲ್ಲ.

ಜೆಇಇ ಮೇನ್ ಹಲವು ದಿನ ನಡೆಯುತ್ತದೆ, ದಿನಕ್ಕೆ ಎರಡು ಶಿಫ್ಟ್. ಪ್ರತಿ ಶಿಫ್ಟಿಗೂ ಬೇರೆ ಪ್ರಶ್ನೆಪತ್ರಿಕೆ. ಎಷ್ಟೇ ಎಚ್ಚರ ವಹಿಸಿ ತಯಾರಿಸಿದರೂ ಎರಡು ಪತ್ರಿಕೆಗಳು ಒಂದೇ ತೂಕಕ್ಕೆ ಬರುವುದಿಲ್ಲ. ಒಂದರಲ್ಲಿ ಮ್ಯಾಥ್ಸ್ ಉದ್ದುದ್ದ, ಇನ್ನೊಂದರಲ್ಲಿ ಕೆಮಿಸ್ಟ್ರಿ ಪಠ್ಯಪುಸ್ತಕದಿಂದ ಎತ್ತಿಟ್ಟ ಹಾಗೆ. ಆದ್ದರಿಂದ 2019ರಲ್ಲಿ ಎನ್‌ಟಿಎ ಈ ಪರೀಕ್ಷೆಯನ್ನು ಕೈಗೆತ್ತಿಕೊಂಡಾಗಿನಿಂದ ಶಿಫ್ಟುಗಳ ನಡುವೆ ಅಂಕಗಳನ್ನು ನೇರವಾಗಿ ಹೋಲಿಸುವುದಿಲ್ಲ. ಪ್ರತಿಯೊಬ್ಬರಿಗೂ ಅವರವರ ಶಿಫ್ಟಿನೊಳಗೆ ಮಾತ್ರ ಒಂದು ಪ್ರಶ್ನೆ ಕೇಳುತ್ತಾರೆ: ಈ ಶಿಫ್ಟ್ ಬರೆದವರಲ್ಲಿ ನಿನ್ನಷ್ಟು ಅಥವಾ ನಿನಗಿಂತ ಕಡಿಮೆ ಅಂಕ ತೆಗೆದವರು ಎಷ್ಟು ಮಂದಿ? ಆ ಸಂಖ್ಯೆಯನ್ನು ಶಿಫ್ಟ್ ಬರೆದವರ ಒಟ್ಟು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದೇ ಪರ್ಸೆಂಟೈಲ್. ಆಮೇಲೆ ಎಲ್ಲ ಶಿಫ್ಟುಗಳ ಪರ್ಸೆಂಟೈಲ್‌ಗಳನ್ನು ಒಂದೇ ಪಟ್ಟಿಗೆ ಸೇರಿಸುತ್ತಾರೆ. ಒಂದೇ ಪರ್ಸೆಂಟೈಲಿಗೆ ಹತ್ತಾರು ಮಂದಿ ಗುಂಪು ಕಟ್ಟದಿರಲಿ ಎಂದು ಏಳು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ.

ನಿಮ್ಮ ಹುಡುಗರ ಅಂಕಗಳನ್ನೇ ಇಟ್ಟು ನೋಡೋಣ. ಲೆಕ್ಕ ಸುಲಭವಾಗಲೆಂದು ನಿಮ್ಮ ಮಗನ ಶಿಫ್ಟಿನಲ್ಲಿ 1,00,000 ಮಂದಿ ಬರೆದರು, ಗೆಳೆಯನದರಲ್ಲಿ 95,000 ಎಂದು ಊಹಿಸಿಕೊಳ್ಳಿ. 96.84 ಎಂದರೆ ಮಗನ ಶಿಫ್ಟಿನಲ್ಲಿ 138 ಅಥವಾ ಅದಕ್ಕಿಂತ ಕಡಿಮೆ ತೆಗೆದವರು 96,840. ಅಂದರೆ 139 ಅಥವಾ ಹೆಚ್ಚು ತೆಗೆದವರು 3,160. ಗೆಳೆಯನ ಶಿಫ್ಟಿನಲ್ಲಿ 126 ಅಥವಾ ಕಡಿಮೆ ತೆಗೆದವರು 92,397, ಅವನಿಗಿಂತ ಮೇಲಿದ್ದವರು 2,603. ಲಕ್ಷಕ್ಕೆ ಇಷ್ಟು ಎಂದು ಇಳಿಸಿದರೆ 2,740. ಒಂದು ಕಡೆ ಲಕ್ಷಕ್ಕೆ 3,160 ಮಂದಿ 138 ದಾಟಿದ್ದಾರೆ, ಇನ್ನೊಂದು ಕಡೆ 126 ದಾಟಿದವರೇ 2,740. ಎರಡನೆಯ ಪತ್ರಿಕೆ ಕಷ್ಟವಿತ್ತು ಎಂದು ಹೇಳುತ್ತಿರುವುದು ಆ 92,397 ಮಂದಿ, ಎನ್‌ಟಿಎ ಅಲ್ಲ.

ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮ ಮಗನ 138 ಗೆಳೆಯನ ಪತ್ರಿಕೆಯಲ್ಲಿ ಎಷ್ಟಕ್ಕೆ ಸಮ ಎಂದು ಕೇಳಬಹುದು. ಈ ಮಟ್ಟದಲ್ಲಿ ಒಂದೊಂದು ಅಂಕಕ್ಕೆ ಸುಮಾರು 60 ಮಂದಿ ಸಾಲಿನಲ್ಲಿದ್ದಾರೆ ಎಂದು ಇಟ್ಟುಕೊಳ್ಳಿ. 97.26ರಿಂದ 96.84ಕ್ಕೆ ಇಳಿಯಲು ಅಲ್ಲಿ 400 ಮಂದಿಯನ್ನು ದಾಟಿ ಕೆಳಗೆ ಬರಬೇಕು, ಅಂದರೆ ಸುಮಾರು 7 ಅಂಕ. 126ರಿಂದ 7 ಕಳೆದರೆ 119. ಮಗನ ಪತ್ರಿಕೆಯ 138 ಅಲ್ಲಿ ಹತ್ತಿರ ಹತ್ತಿರ 119ಕ್ಕೆ ಸಮ. ನಿಮಗೆ 12 ಅಂಕ ಮುಂದೆ ಎಂದು ಕಾಣುತ್ತಿರುವುದು ನಿಜಕ್ಕೂ 7 ಅಂಕ ಹಿಂದೆ, ಒಂದೂವರೆ ಪ್ರಶ್ನೆಯ ಅಂತರ. ದೊಡ್ಡದೇನಲ್ಲ.

ಹುಡುಗರ ನಡುವೆ ಇದರ ಬಗ್ಗೆ ಎರಡು ನಂಬಿಕೆಗಳು ಓಡಾಡುತ್ತವೆ. ಸುಲಭದ ಶಿಫ್ಟ್ ಸಿಕ್ಕಿದವನು ಪುಣ್ಯವಂತ ಎನ್ನುವುದು ಒಂದು. ಕಷ್ಟದ ಶಿಫ್ಟ್ ಸಿಕ್ಕರೆ ಕಡಿಮೆ ಅಂಕಕ್ಕೇ ಪರ್ಸೆಂಟೈಲ್ ಜಿಗಿಯುತ್ತದೆ, ಅದೇ ಲಾಭ ಎನ್ನುವುದು ಇನ್ನೊಂದು. ಒಂದೇ ಕೋಣೆಯಲ್ಲಿರುವ ಇಬ್ಬರು ಇವೆರಡನ್ನೂ ನಂಬಿ ಜಗಳವಾಡುವುದನ್ನು ಕೇಳಿದ್ದೇನೆ. ಎರಡೂ ಸರಿಯಲ್ಲ. ಪತ್ರಿಕೆ ಕಷ್ಟವಾದರೆ ಎಲ್ಲರ ಅಂಕವೂ ಇಳಿಯುತ್ತದೆ, ಸಾಲಿನಲ್ಲಿ ನಿಮ್ಮ ಜಾಗ ಬದಲಾಗುವುದಿಲ್ಲ. ತಪ್ಪಾದ ಪ್ರಶ್ನೆಯೊಂದನ್ನು ಕೈಬಿಟ್ಟು ಇಡೀ ಶಿಫ್ಟಿಗೆ 4 ಅಂಕ ಕೊಟ್ಟರೂ ಅಷ್ಟೇ. ಎಲ್ಲರೂ 4 ಅಂಕ ಮೇಲೇರಿದರೆ ಯಾರೂ ಯಾರನ್ನೂ ದಾಟುವುದಿಲ್ಲ. ಆ ಪ್ರಶ್ನೆಗೆ ಉತ್ತರಿಸಿ ಮೊದಲು ಒಂದು ಅಂಕ ಕಳೆದುಕೊಂಡಿದ್ದವನಿಗೆ ಮಾತ್ರ ತುಸು ಲಾಭ.

ಆದರೂ ಸುಲಭದ ಪತ್ರಿಕೆಯಲ್ಲಿ ಒಂದು ನಿಜವಾದ ತೊಂದರೆ ಇದೆ. ಅಲ್ಲಿ ಮೇಲಿನವರೆಲ್ಲ ಒಂದೇ ಕಡೆ ಒತ್ತೊತ್ತಾಗಿ ನಿಂತಿರುತ್ತಾರೆ, ಒಂದೊಂದು ಅಂಕಕ್ಕೂ ಹೆಚ್ಚು ಜನ. ಗಡಿಬಿಡಿಯಲ್ಲಿ ಒಂದು ಚಿಹ್ನೆ ತಪ್ಪಿದರೆ 5 ಅಂಕ ಹೋಗುತ್ತದೆ, ಅಷ್ಟರಲ್ಲಿ ನೂರಾರು ಮಂದಿ ದಾಟಿಬಿಡುತ್ತಾರೆ. ಅದೇ ತಪ್ಪು ಕಷ್ಟದ ಪತ್ರಿಕೆಯಲ್ಲಿ ಇಷ್ಟು ದುಬಾರಿಯಾಗುವುದಿಲ್ಲ. ನಿಮ್ಮ ಮಗನ ರೆಸ್ಪಾನ್ಸ್ ಶೀಟ್ ತೆರೆದು, ಉತ್ತರ ಗೊತ್ತಿದ್ದೂ ತಪ್ಪಿದವು ಎಷ್ಟು ಎಂದು ಅವನನ್ನೇ ಗುರುತು ಹಾಕಲು ಹೇಳಿ. ಅಂಥವು ಎರಡು ಸಿಕ್ಕಿದರೆ ಅವನಿಗೂ ಗೆಳೆಯನಿಗೂ ಇರುವ ಅಂತರಕ್ಕೆ ಕಾರಣ ಅಲ್ಲೇ ಇದೆ.

ಈಗ ಈ ಪದ್ಧತಿಯ ಬುಡಕ್ಕೆ ಬರೋಣ. ನಿಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಕಬ್ಬಿನ ಗಾಡಿಗಳನ್ನು ತೂಗಲು ಎರಡು ವೇಬ್ರಿಡ್ಜ್ ಇವೆ, ಒಂದು ಜಾಸ್ತಿ ತೋರಿಸುತ್ತದೆ, ಇನ್ನೊಂದು ಕಡಿಮೆ. ಎಷ್ಟು ಜಾಸ್ತಿ, ಎಷ್ಟು ಕಡಿಮೆ ಎಂದು ಯಾರಿಗೂ ಗೊತ್ತಿಲ್ಲ. ಬರುವ ಗಾಡಿಗಳನ್ನು ಚೀಟಿ ಎತ್ತಿ ಎರಡಕ್ಕೂ ಹಂಚಿದರೆ ಆಗ ಒಂದು ಉಪಾಯವುಂಟು. ಎರಡೂ ಕಡೆ ನೂರಕ್ಕೆ ಮೂರರಂತೆ ಎಲ್ಲಕ್ಕಿಂತ ಭಾರದ ಗಾಡಿಗಳು ನಿಜಕ್ಕೂ ಒಂದೇ ಮಟ್ಟದವು ಎಂದು ಹೇಳಬಹುದು, ಮುಳ್ಳು ಏನನ್ನೇ ತೋರಿಸಲಿ. ಆದರೆ ನಾಲೆಯ ಕೆಳಗಿನವರ ಗಾಡಿಗಳೆಲ್ಲ ಒಂದು ಕಡೆಗೆ, ಮಳೆ ನಂಬಿದವರವು ಇನ್ನೊಂದು ಕಡೆಗೆ ಹೋದರೆ ಉಪಾಯ ಅಲ್ಲಿಗೇ ಮುಗಿಯಿತು. ಒಂದು ಸಾಲಿನ ಮೊದಲಿನವನನ್ನು ಇನ್ನೊಂದು ಸಾಲಿನ ಮೊದಲಿನವನಿಗೆ ಸರಿಗಟ್ಟುವುದು ಆಗ ಅನ್ಯಾಯ.

ಶಿಫ್ಟಿನೊಳಗಿನ ಪರ್ಸೆಂಟೈಲ್ ನಿಂತಿರುವುದು ಇಷ್ಟರ ಮೇಲೆಯೇ. ಪತ್ರಿಕೆಗಳು ಸಮ ಎಂದು ಅದು ಹೇಳುವುದಿಲ್ಲ, ಬರೆದ ಗುಂಪುಗಳು ಸಮ ಎಂದು ಹೇಳುತ್ತದೆ. ಜೆಇಇ ಮೇನ್‌ನಲ್ಲಿ ಅಭ್ಯರ್ಥಿ ಊರನ್ನು ಆರಿಸಿಕೊಳ್ಳಬಹುದು, ದಿನ ಮತ್ತು ಶಿಫ್ಟನ್ನು ಎನ್‌ಟಿಎ ಹಂಚುತ್ತದೆ. ಒಂದು ಶಿಫ್ಟಿಗೆ ಹತ್ತಾರು ಸಾವಿರ ಮಂದಿ ದೇಶದ ಎಲ್ಲ ಕಡೆಯಿಂದ ಬರುವಾಗ ಗುಂಪುಗಳು ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತವೆ.

‘ಹೆಚ್ಚುಕಡಿಮೆ’ ಎಂದರೆ ಎಷ್ಟು? ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಉತ್ತರ ಇದೆ. ಶಿಫ್ಟಿಗೆ ಲಕ್ಷ ಜನರಂತೆ ನಿಜವಾಗಿಯೂ ಚೀಟಿ ಎತ್ತಿಯೇ ಹಂಚಿದರು ಎಂದುಕೊಳ್ಳಿ. 97ನೇ ಪರ್ಸೆಂಟೈಲ್ ಮಟ್ಟದ ಹುಡುಗನಿಗಿಂತ ಚುರುಕಾದವರು ಪ್ರತಿ ಶಿಫ್ಟಿನಲ್ಲೂ 3,000 ಇರಬೇಕು. ಅದೃಷ್ಟದ ಆಟದಲ್ಲಿ ಒಂದರಲ್ಲಿ 2,950, ಇನ್ನೊಂದರಲ್ಲಿ 3,050 ಆಗುತ್ತದೆ. ಸಾಮಾನ್ಯ ಏರಿಳಿತ 54 ಮಂದಿಯಷ್ಟು, ಪರ್ಸೆಂಟೈಲಿನಲ್ಲಿ 0.054. ಎರಡು ಶಿಫ್ಟುಗಳನ್ನು ಹೋಲಿಸುವಾಗ ಎರಡರ ಏರಿಳಿತವೂ ಸೇರಿ ಸುಮಾರು 0.076. ನಿಮ್ಮ ಇಬ್ಬರು ಹುಡುಗರ ಅಂತರ 0.42, ಅದರ ಐದು ಪಟ್ಟಿಗೂ ಹೆಚ್ಚು. ಹಂಚಿಕೆಯ ಅದೃಷ್ಟ ಒಂದರಿಂದಲೇ ಇಷ್ಟು ಅಂತರ ಬರುವುದಿಲ್ಲ. ಬೇಸರವಾದರೂ ಹೇಳಬೇಕು, ಆ ದಿನದ ಮಟ್ಟಿಗೆ ಗೆಳೆಯ ತುಸು ಚೆನ್ನಾಗಿಯೇ ಮಾಡಿದ್ದಾನೆ. ಅಂತರ 0.05ರ ಆಸುಪಾಸು ಇದ್ದಿದ್ದರೆ ಇಬ್ಬರೂ ಸಮಸಮ ಎಂದೇ ಬರೆಯುತ್ತಿದ್ದೆ.

ಆದರೆ ಇದೇ ಏರಿಳಿತವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 12 ಲಕ್ಷ ಜನರ ಪಟ್ಟಿಯಲ್ಲಿ 0.054 ಎಂದರೆ ಸುಮಾರು 650 ರ‍್ಯಾಂಕ್. ಯಾರೂ ತಪ್ಪು ಮಾಡದೆ, ಯಾರೂ ಮೋಸ ಮಾಡದೆ, ಒಬ್ಬ ಹುಡುಗ 650 ರ‍್ಯಾಂಕ್ ಆಚೀಚೆ ಹೋಗಬಹುದು. ಕೌನ್ಸೆಲಿಂಗ್‌ನಲ್ಲಿ ಬ್ರಾಂಚ್ ಬದಲಾಗಲು ಅಷ್ಟು ಸಾಕು. ಪಟ್ಟಿಯ ತುತ್ತತುದಿಯಲ್ಲಂತೂ ಏರಿಳಿತದ ಪಾಲು ಇನ್ನೂ ದೊಡ್ಡದು. 99.99 ಮಟ್ಟದವನಿಗಿಂತ ಮೇಲೆ ಲಕ್ಷಕ್ಕೆ 10 ಮಂದಿ ಇರಬೇಕು. ಚೀಟಿಯಾಟದಲ್ಲಿ ಅದು 7 ಆಗಬಹುದು, 13 ಆಗಬಹುದು. ಒಂದೇ ಸಾಮರ್ಥ್ಯದ ಹುಡುಗಿಗೆ 84ರ ರ‍್ಯಾಂಕೂ ಬರಬಹುದು, 156 ಕೂಡ ಬರಬಹುದು. ಪ್ರತಿ ಶಿಫ್ಟಿನ ಮೊದಲಿಗರಿಗೆ ಅಂಕ ಎಷ್ಟೇ ಇರಲಿ 100 ಪರ್ಸೆಂಟೈಲ್ ಸಿಗುತ್ತದೆ. ಒಬ್ಬರು 300ಕ್ಕೆ 300 ತೆಗೆದು ಮೊದಲಿಗರಾಗಿರಬಹುದು, ಇನ್ನೊಂದು ಶಿಫ್ಟಿನಲ್ಲಿ 285ಕ್ಕೇ ಮೊದಲ ಸ್ಥಾನ ಸಿಕ್ಕಿರಬಹುದು. ಪಟ್ಟಿಯಲ್ಲಿ ಇಬ್ಬರೂ 100. ಎರಡನೆಯವರಿಗಿಂತ ಅವರು ಎಷ್ಟು ಮುಂದಿದ್ದರು ಎನ್ನುವ ಮಾಹಿತಿ ಈ ಪದ್ಧತಿಯಲ್ಲಿ ಉಳಿಯುವುದೇ ಇಲ್ಲ. ಏಳು ದಶಮಾಂಶ ನೋಡಿ ಲೆಕ್ಕ ಅಷ್ಟು ನಿಖರ ಎಂದುಕೊಳ್ಳಬೇಡಿ. ಅವು ಜನರನ್ನು ಸಾಲಾಗಿ ನಿಲ್ಲಿಸಲು ಇರುವ ಅನುಕೂಲ. ನಿಜವಾದ ಅಳತೆ ಎರಡನೆಯ ದಶಮಾಂಶದಲ್ಲೇ ಅಲ್ಲಾಡುತ್ತಿರುತ್ತದೆ.

ಇದನ್ನೇ ಸಣ್ಣ ಗುಂಪಿಗೆ ಬಳಸಿದರೆ ಏನಾಗುತ್ತದೆ ನೋಡಿ. ಕೋಚಿಂಗ್ ಸೆಂಟರ್ ಒಂದರ ಮಾಕ್ ಟೆಸ್ಟ್ ಪಟ್ಟಿಯನ್ನು ಒಬ್ಬ ತಾಯಿ ನನಗೆ ತಂದು ತೋರಿಸಿದ್ದರು. ಬೆಳಗಿನ ಬ್ಯಾಚಿನಲ್ಲಿ 60 ಮಕ್ಕಳು, ಸಂಜೆಯದರಲ್ಲಿ 45. ಎರಡಕ್ಕೂ ಬೇರೆ ಬೇರೆ ಪತ್ರಿಕೆ, ಬ್ಯಾಚಿನೊಳಗೆ ಪರ್ಸೆಂಟೈಲ್ ಹಾಕಿ ಒಟ್ಟು ರ‍್ಯಾಂಕ್ ಕೊಟ್ಟಿದ್ದರು. ಸಂಜೆಯ ಎರಡನೆಯವಳಿಗೆ 45ರಲ್ಲಿ 44, ಅಂದರೆ 97.78. ಬೆಳಗಿನ ಎರಡನೆಯವನಿಗೆ 60ರಲ್ಲಿ 59, ಅಂದರೆ 98.33. ಇಬ್ಬರೂ ಎರಡನೆಯವರೇ, ಆದರೂ ಬ್ಯಾಚ್ ದೊಡ್ಡದಿದ್ದ ಒಂದೇ ಕಾರಣಕ್ಕೆ ಅವನು ಮುಂದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಬೆಳಗಿನ ಬ್ಯಾಚಿಗೆ ಪ್ರವೇಶ ಪರೀಕ್ಷೆ ಮಾಡಿ ಆರಿಸಿಕೊಂಡಿದ್ದರು, ಸಂಜೆಯದಕ್ಕೆ ಬಂದವರನ್ನೆಲ್ಲ ಸೇರಿಸಿಕೊಂಡಿದ್ದರು. ಆರಿಸಿದ 60ರಲ್ಲಿ ಮೂವತ್ತನೆಯವನಿಗೆ 51.67 ಕೊಟ್ಟು, ಅವನನ್ನು ಸಂಜೆಯ ನಡುಮಧ್ಯದವನ ಪಕ್ಕ ನಿಲ್ಲಿಸಿದ ಪಟ್ಟಿ ಅದು. ಹೀಗೆ ಮಾಡುವುದಕ್ಕಿಂತ ಎರಡೂ ಬ್ಯಾಚಿಗೆ ಒಂದೇ ಪತ್ರಿಕೆ ಕೊಟ್ಟು ಅಂಕ ಬರೆದು ಹಾಕಿದ್ದರೆ ಸಾಕಿತ್ತು. ನಿಮ್ಮ ಮಗನ ಮಾಕ್ ಟೆಸ್ಟ್ ಪರ್ಸೆಂಟೈಲ್‌ಗಳಿಗೂ ಈ ಎರಡು ಪ್ರಶ್ನೆ ಕೇಳಿ: ಎಷ್ಟು ಜನ ಬರೆದರು, ಯಾರು ಯಾವ ಬ್ಯಾಚಿಗೆ ಎಂದು ಹೇಗೆ ಹಂಚಿದರು.

ಹಾಗಿದ್ದರೆ ಅಂಕಗಳನ್ನೇ ಸರಿಹೊಂದಿಸಬಾರದೇ ಎಂದು ಕೇಳುವವರಿದ್ದಾರೆ. ಆ ದಾರಿಯೂ ಉಂಟು. ಗೇಟ್ ಪರೀಕ್ಷೆಯಲ್ಲಿ ಪ್ರತಿ ಶಿಫ್ಟಿನ ಮೇಲ್ತುದಿಯ 0.1 ಶೇಕಡಾ ಮಂದಿಯ ಸರಾಸರಿ, ಇಡೀ ಶಿಫ್ಟಿನ ಸರಾಸರಿ ಮತ್ತು ಅಂಕಗಳ ಹರವು ಇವನ್ನು ಹಿಡಿದು ಅಂಕವನ್ನು ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಅದರಲ್ಲಿ ಮೊದಲಿಗ ಎಷ್ಟು ಮುಂದಿದ್ದ ಎನ್ನುವುದು ಉಳಿಯುತ್ತದೆ. ಆದರೆ ಎರಡು ಶಿಫ್ಟುಗಳ ಅಂಕಗಳ ಹಂಚಿಕೆ ಒಂದೇ ಆಕಾರದಲ್ಲಿದ್ದು ಬರೀ ಸರಿದಿದೆ ಅಥವಾ ಹಿಗ್ಗಿದೆ ಎಂದು ಅದು ನಂಬುತ್ತದೆ. ಪತ್ರಿಕೆಗಳು ಯಾವಾಗಲೂ ಹಾಗಿರುವುದಿಲ್ಲ. ನಡುಮಟ್ಟದವರಿಗೆ ಸುಲಭವಾಗಿದ್ದು ಮೇಲಿನವರಿಗೆ ಕೊನೆಯ ಹತ್ತು ಪ್ರಶ್ನೆ ಕಬ್ಬಿಣದ ಕಡಲೆಯಾಗಿರುವ ಪತ್ರಿಕೆ ಇರುತ್ತದೆ. ಪರ್ಸೆಂಟೈಲ್ ಅದನ್ನು ಸಲೀಸಾಗಿ ಸಂಭಾಳಿಸುತ್ತದೆ, ಏಕೆಂದರೆ ಅದು ಸಾಲಿನ ಒಂದೊಂದು ಜಾಗವನ್ನೂ ಪ್ರತ್ಯೇಕವಾಗಿ ಹೋಲಿಸುತ್ತದೆ. ಗುಂಪುಗಳು ದೊಡ್ಡದಿದ್ದು ಹಂಚಿಕೆ ಸರಿಯಿದ್ದರೆ ನಾನು ಪರ್ಸೆಂಟೈಲ್ ಕಡೆಗೇ ಕೈ ಎತ್ತುತ್ತೇನೆ.

ಅದಕ್ಕಿಂತ ಒಳ್ಳೆಯದು ಎಲ್ಲರಿಗೂ ಒಂದೇ ದಿನ, ಒಂದೇ ಪತ್ರಿಕೆ. ವೈದ್ಯಕೀಯ ಸ್ನಾತಕೋತ್ತರದ ನೀಟ್ ಪಿಜಿ 2024ರಲ್ಲಿ ಎರಡು ಶಿಫ್ಟಿನಲ್ಲಿ ನಡೆದಾಗ ಇದೇ ತಕರಾರು ಎದ್ದಿತು. 2025ರ ಪರೀಕ್ಷೆಯನ್ನು ಒಂದೇ ಶಿಫ್ಟಿನಲ್ಲಿ ನಡೆಸಲು ಸುಪ್ರೀಂ ಕೋರ್ಟ್ ಮೇ 30ರಂದು ಆದೇಶಿಸಿತು, ಅದರಂತೆ ಆಗಸ್ಟ್ 3ರಂದು ನಡೆಯಿತು. ಅದನ್ನು ಬರೆಯುವವರು ಎರಡು ಲಕ್ಷದ ಆಸುಪಾಸು. ಹತ್ತು ಹನ್ನೆರಡು ಲಕ್ಷ ಜನರನ್ನು ಒಂದೇ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂರಿಸುವ ಸೌಕರ್ಯ ಇಲ್ಲದಿರುವುದರಿಂದಲೇ ಜೆಇಇ ಮೇನ್‌ಗೆ ಈ ಶಿಫ್ಟಿನ ಪಾಡು.

ಇನ್ನು ನಿಮ್ಮ ಸರಾಸರಿಯ ಲೆಕ್ಕ. ವಿಷಯವಾರು ಪರ್ಸೆಂಟೈಲ್‌ಗಳನ್ನು ಕೂಡಿ ಮೂರರಿಂದ ಭಾಗಿಸಿ ಒಟ್ಟು ಪರ್ಸೆಂಟೈಲ್ ತೆಗೆಯುವುದಿಲ್ಲ. ಮೂರು ವಿಷಯದ ಅಂಕಗಳನ್ನು ಮೊದಲು ಕೂಡಿ, ಆ ಒಟ್ಟು ಅಂಕಕ್ಕೆ ಬೇರೆಯಾಗಿ ಪರ್ಸೆಂಟೈಲ್ ಹಾಕುತ್ತಾರೆ. ಇವೆರಡು ಸರಿಹೊಂದಲೇಬೇಕೆಂದಿಲ್ಲ. ನಿಮ್ಮ ಮಗನಿಗಿಂತ ಕೆಮಿಸ್ಟ್ರಿಯಲ್ಲಿ ಮುಂದಿರುವವರು ನೂರಕ್ಕೆ ಎಂಟೂಮುಕ್ಕಾಲು ಮಂದಿ, ಮ್ಯಾಥ್ಸಿನಲ್ಲಿ ನಾಲ್ಕೂವರೆಯಷ್ಟು, ಫಿಸಿಕ್ಸಿನಲ್ಲಿ ಎರಡಕ್ಕೂ ಕಡಿಮೆ. ಆದರೆ ಈ ಮೂರು ಗುಂಪಿನವರೆಲ್ಲ ಒಂದೇ ಜನರಲ್ಲ. ಕೆಮಿಸ್ಟ್ರಿಯಲ್ಲಿ ಅವನನ್ನು ದಾಟಿದ ಹಲವರು ಮ್ಯಾಥ್ಸಿನಲ್ಲಿ ಬಹಳ ಹಿಂದೆ ಬಿದ್ದಿದ್ದಾರೆ, ಒಟ್ಟು ಅಂಕದಲ್ಲಿ ಇವನ ಕೆಳಗೆ ಬಂದಿದ್ದಾರೆ. ಮೂರರಲ್ಲೂ ಸಮವಾಗಿ ಅಂಕ ತೆಗೆದವರು ವಿರಳವಾದ್ದರಿಂದ ಅಂಥವರ ಒಟ್ಟು ಪರ್ಸೆಂಟೈಲ್ ಸರಾಸರಿಗಿಂತ ಮೇಲೆ ಬರುವುದೇ ಸಹಜ. ಒಟ್ಟು 96.84 ನಿಮ್ಮ 95.02ಕ್ಕಿಂತ ಜಾಸ್ತಿ ಇರುವುದು ಅವನ ಪರವಾಗಿಯೇ ಇದೆ.

ಏಪ್ರಿಲ್ ವಿಚಾರ. ಎರಡೂ ಸಲ ಬರೆದರೆ ಹೆಚ್ಚಿನ ಪರ್ಸೆಂಟೈಲನ್ನೇ ರ‍್ಯಾಂಕಿಗೆ ತೆಗೆದುಕೊಳ್ಳುತ್ತಾರೆ. ಕಡಿಮೆ ಬಂದರೂ ಜನವರಿಯ 96.84ಕ್ಕೆ ಧಕ್ಕೆಯಿಲ್ಲ. ಆದರೆ ಈ 96.84 ಹಿಡಿದು ಅಂತರ್ಜಾಲದಲ್ಲಿ ರ‍್ಯಾಂಕ್ ಲೆಕ್ಕ ಹಾಕಿಕೊಂಡಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿನ ಲೆಕ್ಕಗಳು ಸಾಮಾನ್ಯವಾಗಿ 100ರಿಂದ ಪರ್ಸೆಂಟೈಲ್ ಕಳೆದು, ಒಟ್ಟು ಜನರಿಂದ ಗುಣಿಸಿ 100ರಿಂದ ಭಾಗಿಸುತ್ತವೆ. ಎರಡು ಸೆಷನ್ನಿನ ಪಟ್ಟಿ ಸೇರಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಜನವರಿಯಲ್ಲಿ 12 ಲಕ್ಷ, ಏಪ್ರಿಲ್‌ನಲ್ಲಿ 10 ಲಕ್ಷ ಮಂದಿ ಬರೆದರು ಎನ್ನೋಣ. 97 ದಾಟಿದವರು ಜನವರಿಯಲ್ಲಿ 36,000, ಏಪ್ರಿಲ್‌ನಲ್ಲಿ 30,000. ಇವರೆಲ್ಲ ಒಂದೇ ಜನರಾಗಿದ್ದರೆ 97 ದಾಟಿದವರು ಒಟ್ಟು 36,000, ಎಲ್ಲರೂ ಬೇರೆ ಬೇರೆಯಾಗಿದ್ದರೆ 66,000. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ಜನವರಿಯ ಪರ್ಸೆಂಟೈಲ್ ಅಲ್ಲಾಡದೆ ನಿಂತಿದ್ದರೂ ರ‍್ಯಾಂಕ್ ಕೆಳಗೆ ಜಾರುವುದು ಹೀಗೆ. ಜನವರಿ ಒಂದರಲ್ಲೇ ನಿಲ್ಲಿಸಿದವರಿಗೆ ಈ ಜಾರುವಿಕೆಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಇನ್ನೊಂದು ಸೂಕ್ಷ್ಮ. ಜನವರಿ ಮತ್ತು ಏಪ್ರಿಲ್ ಗುಂಪುಗಳನ್ನು ಯಾರೂ ಚೀಟಿ ಎತ್ತಿ ಹಂಚಿಲ್ಲ, ಜನರೇ ಆರಿಸಿಕೊಂಡು ಬಂದಿದ್ದಾರೆ. ಜನವರಿಯಲ್ಲೇ ನೆಮ್ಮದಿಯ ಸ್ಕೋರ್ ಸಿಕ್ಕವರಲ್ಲಿ ಕೆಲವರು ಏಪ್ರಿಲ್ ಬಿಡುತ್ತಾರೆ, ಆಸೆ ಬಿಟ್ಟವರೂ ಬಿಡುತ್ತಾರೆ. ಬರುವವರು ಮೂರು ತಿಂಗಳು ಹೆಚ್ಚು ಓದಿರುತ್ತಾರೆ. ಹಾಗಾಗಿ ಏಪ್ರಿಲ್‌ನ 97 ಮತ್ತು ಜನವರಿಯ 97 ಒಂದೇ ಎಂದು ಆಣೆ ಮಾಡಿ ಹೇಳಲಾಗದು. ಈ ಪದ್ಧತಿಯಲ್ಲಿ ನನಗೆ ನಿಜಕ್ಕೂ ಇರುವ ತಕರಾರು ಇದೇ, ಶಿಫ್ಟುಗಳ ನಡುವಿನದಲ್ಲ.

ಬರೆಸುವುದಾದರೆ ಬೆಲೆ ಏನು ಎಂದೂ ನೋಡಬೇಕು. ಬೆಲೆ ಎಂದರೆ ದಿನಗಳು. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿದು, ಏಪ್ರಿಲ್ ಮೊದಲ ವಾರವೇ ಜೆಇಇ ಎರಡನೇ ಸೆಷನ್ ಶುರುವಾಗಿ, ತಿಂಗಳ ಮಧ್ಯಕ್ಕೆ ಸಿಇಟಿ ಬಂದಿತ್ತು. ಸಿಇಟಿಯನ್ನು ಕೆಇಎ ಓಎಂಆರ್ ಹಾಳೆಯ ಮೇಲೆ, ಒಂದು ವಿಷಯಕ್ಕೆ ಎಲ್ಲರಿಗೂ ಒಂದೇ ಹೊತ್ತಿನಲ್ಲಿ ನಡೆಸುತ್ತದೆ. ಶಿಫ್ಟಿನ ಗೋಜಿಲ್ಲ, ನೆಗೆಟಿವ್ ಮಾರ್ಕ್ಸ್ ಇಲ್ಲ, ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಈ ಮೂರು ವಿಷಯಗಳ ಅಂಕವೂ ಅರ್ಧ ಪಾಲು ಸೇರುತ್ತದೆ. ಜೆಇಇಯಲ್ಲಿ ಒಂದು ಪ್ರಶ್ನೆಗೆ ಎರಡೂವರೆ ನಿಮಿಷ ಯೋಚಿಸುವ ಅಭ್ಯಾಸವಾದವನಿಗೆ ಸಿಇಟಿಯ ವೇಗಕ್ಕೆ ಕೈ ಹೊಂದಿಸಿಕೊಳ್ಳಲು ಒಂದಷ್ಟು ದಿನ ಬೇಕಾಗುತ್ತದೆ. ಮಾರ್ಚ್‌ನಲ್ಲಿ ಪಿಯುಸಿ ಬಿಟ್ಟು ಜೆಇಇ ಓದಿದರೆ ಆ ಅರ್ಧ ಪಾಲಿಗೇ ಪೆಟ್ಟು.

ನಿಮ್ಮ ಮಗನಿಗೆ ನಾನು ಹೇಳುವುದಾದರೆ ಹೀಗೆ. ಮಂಡ್ಯದ ಪಿಇಎಸ್ ಅಥವಾ ಮೈಸೂರಿನ ಎನ್‌ಐಇ ಮನಸ್ಸಿನಲ್ಲಿದ್ದರೆ ಅವಕ್ಕೆ ದಾರಿ ಸಿಇಟಿ. ಅವನ ಮಟ್ಟಕ್ಕೆ ಅಲ್ಲಿ ಒಳ್ಳೆಯ ರ‍್ಯಾಂಕ್ ನಿರೀಕ್ಷಿಸಬಹುದು, ಏಪ್ರಿಲ್ ಜೆಇಇಯನ್ನು ಅಭ್ಯಾಸಕ್ಕೆಂಬಂತೆ ಹೋಗಿ ಬರೆದು ಬಂದರೆ ಸಾಕು. ಸುರತ್ಕಲ್‌ನ ಎನ್‌ಐಟಿಕೆ ಬೇಕೆಂದಿದ್ದರೆ ಲೆಕ್ಕ ಬೇರೆ. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ, ಆದರೂ ಜನವರಿಯ 96.84 ಹಿಡಿದುಕೊಂಡು ಕೂರುವುದು ಕ್ಷೇಮವಲ್ಲ, ಏಪ್ರಿಲ್ ಗಂಭೀರವಾಗಿಯೇ ಬರೆಯಬೇಕು. ಆಗಲೂ ಮೂರೂ ವಿಷಯ ಮೊದಲಿನಿಂದ ತಿರುವಿಹಾಕುವುದು ಬೇಡ. 91.35 ಇರುವ ಕೆಮಿಸ್ಟ್ರಿಯಲ್ಲೇ ಅವನು ಹಿಂದೆ ಬಿದ್ದಿರುವುದು ಜಾಸ್ತಿ, ಅದಕ್ಕೆ ಪಿಯುಸಿಗೆ ಓದುವ ಪುಸ್ತಕವೇ ಬಹುಪಾಲು ಸಾಕಾಗುತ್ತದೆ, ಆ ಓದು ಮಾರ್ಚ್‌ನ ಪರೀಕ್ಷೆಗೂ ಸಲ್ಲುತ್ತದೆ. ಕೆಮಿಸ್ಟ್ರಿಯಲ್ಲಿ ಇನ್ನು ನಾಲ್ಕು ಪ್ರಶ್ನೆ ಸರಿಯಾದರೆ 16 ಅಂಕ. ಅಂಕಕ್ಕೆ 60 ಮಂದಿಯ ಲೆಕ್ಕದಲ್ಲಿ ಲಕ್ಷಕ್ಕೆ ಸುಮಾರು 960 ಮಂದಿಯನ್ನು ದಾಟುತ್ತಾನೆ, ಪರ್ಸೆಂಟೈಲ್ 97.8ರ ಹತ್ತಿರ ಹೋಗುತ್ತದೆ. ಅವನಿಗೆ ಏಪ್ರಿಲ್‌ನಲ್ಲಿ ಯಾವ ಶಿಫ್ಟ್ ಬರುತ್ತದೋ ಎನ್ನುವುದಕ್ಕಿಂತ ಇದು ಎಷ್ಟೋ ಪಾಲು ದೊಡ್ಡ ವ್ಯತ್ಯಾಸ.